ಅಂಬಲಪಾಡಿಯ ಸೊನ್ನೆ

ಕಾಗುಣಿತ ತಪ್ಪಿದ್ದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮದುವೆಯ ಕರೆಯೋಲೆಯಾಗಲಿ, ಬಸ್ಸಿನ ಬೋರ್ಡಾಗಲಿ, ಹೋಟೆಲಿನ ಗೋಡೆಯ ಮೇಲಿನ ‘ಕೈ ತೊಳೆಯುವ ಸ್ತಳ’ವಾಗಲಿ, ಓದಿ ಸುಮ್ಮನೆ ಮುಂದೆ ಹೋಗುವುದು ನನ್ನಿಂದ ಆಗದು. ನನ್ನ ಉಮ್ಮ ಇದಕ್ಕೆ ಇಟ್ಟ ಹೆಸರು ‘ಮಾಸ್ತರಿಕೆಯ ತುರಿಕೆ’. ಮನೆಯಲ್ಲಿ ನಾವು ಆಡುವುದು ಬ್ಯಾರಿ ಭಾಷೆ, ಅದರಲ್ಲಿ ಉಮ್ಮ ಎಂದರೆ ಅಮ್ಮ. ಕನ್ನಡ ನನಗೆ ಕಾಪುವಿನ ಶಾಲೆಯಲ್ಲಿ ಸಿಕ್ಕಿದ್ದು. ಕಷ್ಟಪಟ್ಟು ಕಲಿತ ಭಾಷೆಯಾದ್ದರಿಂದಲೋ ಏನೋ, ಅದರ ಒಂದೊಂದು ಒತ್ತಕ್ಷರವೂ ನನ್ನ ಸ್ವಂತ ದುಡಿಮೆಯ ಆಸ್ತಿ ಎಂಬಂತೆ ಕಾಯುತ್ತ ಬಂದಿದ್ದೇನೆ. ಅದನ್ನೇ ಕಲಿಸಿ ಸಂಬಳ ತೆಗೆದುಕೊಳ್ಳುತ್ತಿದ್ದೆ, ಕಾರ್ಕಳದ ಒಂದು ಖಾಸಗಿ ಕಾಲೇಜಿನಲ್ಲಿ.

ಕಳೆದ ವರ್ಷ ಆ ಕಾಲೇಜಿನಲ್ಲಿ ಕನ್ನಡ ತೆಗೆದುಕೊಳ್ಳುವ ಮಕ್ಕಳು ಕಡಿಮೆಯಾದರು. ಮೊದಲು ಎರಡು ತರಗತಿ ಸೇರಿ ಒಂದಾಯಿತು, ಆಮೇಲೆ ಆ ಒಂದರಲ್ಲೂ ಹಿಂದಿನ ಬೆಂಚುಗಳು ಖಾಲಿಯಾದವು. ಪ್ರಾಂಶುಪಾಲರು ಒಳ್ಳೆಯ ಮನುಷ್ಯ. ಒಳ್ಳೆಯವರ ತೊಂದರೆ ಏನೆಂದರೆ ಅವರ ಮೇಲೆ ಸಿಟ್ಟು ಮಾಡಲು ಆಗುವುದಿಲ್ಲ. ಕೋಣೆಗೆ ಕರೆದು ಕೂರಿಸಿ, ಚಹಾ ತರಿಸಿ ಹೇಳಿದರು: ಆಡಳಿತ ಮಂಡಳಿಗೆ ಪೂರ್ಣಾವಧಿಯ ಕನ್ನಡದವರು ಬೇಡವಾಗಿದೆ. ಬರುವ ವರ್ಷದಿಂದ ಎಲ್ಲ ಪದವಿ ತರಗತಿಗೂ ಡೇಟಾ, ಅಂದರೆ ದತ್ತಾಂಶ ವಿಜ್ಞಾನ, ಎಂಬ ಹೊಸ ಪಾಠಪತ್ರಿಕೆ ಬರುತ್ತದೆ. ಅದನ್ನು ಕಲಿಸಲು ಯಾರಾದರೂ ಬೇಕು. ಹೊರಗಿನವರನ್ನು ತರುವ ಬದಲು ನಮ್ಮವರೇ ಒಬ್ಬರು ಒಂದು ಸರ್ಟಿಫಿಕೇಟ್ ಕೋರ್ಸ್ ಮಾಡಿಕೊಂಡರೆ, ಅವರನ್ನು ಉಳಿಸಿಕೊಳ್ಳಲು ತಾನು ಮಂಡಳಿಯ ಮುಂದೆ ಮಾತಾಡಬಹುದು.

"ಸರ್ಟಿಫಿಕೇಟ್ ಒಂದು ಕೈಯಲ್ಲಿ ಉಂಟು ಅಂತಾದರೆ ಸಾಕು ಮೇಡಂ, ಮತ್ತೆಲ್ಲ ನಾನು ನೋಡಿಕೊಳ್ತೇನೆ," ಎಂದರು.

ಕೈಯಲ್ಲಿ ಇಲ್ಲ ಅಂತಾದರೆ ಎಂತ ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಹಾಗೆ ನಾನು ಮಣಿಪಾಲದ ಒಂದು ತರಬೇತಿ ಕೇಂದ್ರದಲ್ಲಿ ಭಾನುವಾರದ ವಿದ್ಯಾರ್ಥಿನಿಯಾದೆ. ತರಗತಿಯಲ್ಲಿ ನನ್ನಷ್ಟು ವಯಸ್ಸಾದವರು ಇನ್ನೊಬ್ಬರಿಲ್ಲ. ಪಾಠ ಮಾಡುತ್ತಿದ್ದವನು ಉತ್ತರದ ಯಾವುದೋ ರಾಜ್ಯದಿಂದ ಬಂದ ಯುವಕ. ಕನ್ನಡ ಬಾರದು, ಆದರೆ ಸಂಭಾವಿತ. ನನ್ನನ್ನು ‘ಮ್ಯಾಮ್’ ಎಂದು ಕರೆಯುತ್ತಿದ್ದ. ನಾನು ಹತ್ತು ಸಲ ಕೇಳಿದರೂ ಹನ್ನೊಂದನೆಯ ಸಲ ಅಷ್ಟೇ ಮೆತ್ತಗೆ ಹೇಳುತ್ತಿದ್ದ. ನನ್ನ ಪಕ್ಕದ ಕಂಪ್ಯೂಟರಿಗೆ ಕೂರುತ್ತಿದ್ದವಳು ಪರ್ಕಳದಲ್ಲಿ ಬಾಡಿಗೆ ಕೋಣೆ ಮಾಡಿಕೊಂಡು ಉಡುಪಿಯ ಒಂದು ಕ್ಲಿನಿಕ್ಕಿನ ಕೌಂಟರಿನಲ್ಲಿ ಕೆಲಸ ಮಾಡುವ ಹುಡುಗಿ. ಮೊದಲ ದಿನವೇ ನನ್ನನ್ನು ಅಕ್ಕ ಮಾಡಿಕೊಂಡಳು. ಅವಳ ಬೆರಳುಗಳು ಕೀಲಿಮಣೆಯ ಮೇಲೆ ಓಡುತ್ತಿದ್ದವು. ನನ್ನವು ಒಂದೊಂದು ಕೀಲಿಯ ಮನೆ ಬಾಗಿಲು ತಟ್ಟಿ, ‘ನೀವೇನಾ?’ ಎಂದು ವಿಚಾರಿಸಿ ಒಳಗೆ ಹೋಗುತ್ತಿದ್ದವು.

ಹೇಗೋ ತೆವಳಿಕೊಂಡು ಕೊನೆಯ ಅಸೈನ್‌ಮೆಂಟಿನವರೆಗೆ ಬಂದೆ. ಅದು ಪಾಸಾಗದಿದ್ದರೆ ಸರ್ಟಿಫಿಕೇಟ್ ಇಲ್ಲ, ಹಿಂದಿನ ಅಂಕಗಳೆಲ್ಲ ನೀರಿನಲ್ಲಿ ಹೋಮ. ಕೆಲಸ ಇಷ್ಟು: ಎಲ್ಲರೂ ನೋಡಬಹುದಾದ ಒಂದು ಜಾಲಪುಟವನ್ನು ಪ್ರೋಗ್ರಾಂ ಬರೆದು ತರಿಸಿಕೊಳ್ಳಬೇಕು, ಅದರೊಳಗಿನ ಕೋಷ್ಟಕಗಳನ್ನು ಸಾಲು ಸಾಲಾಗಿ ಬಿಡಿಸಿ ಒಂದೇ ಪಟ್ಟಿ ಮಾಡಬೇಕು, ಆ ಪಟ್ಟಿಯಿಂದ ಕೆಲವು ಪ್ರಶ್ನೆಗಳಿಗೆ ಉತ್ತರ ತೆಗೆಯಬೇಕು. ಕೋರ್ಸ್ ನಡೆಸುವವರ ಮುಖ್ಯ ಕಚೇರಿ ದೂರದ ನಗರದಲ್ಲಿ. ಅವರು ಪ್ರತಿ ಊರಿನ ಕೇಂದ್ರಕ್ಕೂ ಆ ಊರಿನದೇ ಒಂದು ಪುಟವನ್ನು ಆರಿಸಿ ಕೊಟ್ಟಿದ್ದರು. ನಮಗೆ ಬಂದದ್ದು ನಮ್ಮ ಕಡೆಯ ಬಸ್ ಪ್ರಯಾಣಿಕರ ಬಳಗವೊಂದು ನಡೆಸುವ ಪುಟ: ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ನಿಲ್ದಾಣಗಳಿಂದ ಯಾವ ಊರಿಗೆ ಎಷ್ಟು ಹೊತ್ತಿಗೆ ಬಸ್ಸು ಎಂಬ ಕೋಷ್ಟಕಗಳು. ಪುಟ ಪೂರ್ತಿ ಕನ್ನಡದಲ್ಲಿತ್ತು, ಅಂಕಿಗಳೂ ಕನ್ನಡದವೇ. ನನಗೆ ಅಷ್ಟರಲ್ಲೇ ಅರ್ಧ ಗೆದ್ದಂತಾಯಿತು.

ಉತ್ತರಗಳನ್ನು ನೋಡುವುದು ಮನುಷ್ಯರಲ್ಲ. ಒಂದು ಪೋರ್ಟಲಿಗೆ ಹಾಕಿದರೆ ಅದು ತನ್ನೊಳಗಿನ ಸರಿಯುತ್ತರದ ಜೊತೆ ಹೋಲಿಸಿ ಹಸಿರು ಅಥವಾ ಕೆಂಪು ತೋರಿಸುತ್ತದೆ. ಕೆಂಪು ಬಂದರೆ ಎಲ್ಲಿ ತಪ್ಪಿದೆ ಎಂದು ಹೇಳುವ ಸೌಜನ್ಯ ಅದಕ್ಕಿಲ್ಲ. ಮೂರು ಅವಕಾಶ ಮಾತ್ರ.

ಮೊದಲು ಆ ಪುಟವನ್ನು ತರಿಸಿಕೊಳ್ಳಬಹುದೇ ಎಂದು ನೋಡಬೇಕು. ಜಾಲತಾಣಗಳ ಬಾಗಿಲಲ್ಲಿ ಯಂತ್ರಗಳಿಗೆಂದೇ ಬರೆದಿಟ್ಟ ಒಂದು ಸಣ್ಣ ಕಡತ ಇರುತ್ತದೆ, ಎಲ್ಲಿಗೆ ಬರಬಹುದು, ಎಲ್ಲಿಗೆ ಬರಬಾರದು ಎಂದು. ಬಳಗದವರು ಯಾರಿಗೂ ಬೇಡ ಎಂದಿರಲಿಲ್ಲ. ತರಿಸಿಕೊಂಡೆ. ತಾಣ ಇನ್ನೂರು ಎಂಬ ಸಂಖ್ಯೆ ಕೊಟ್ಟಿತು, ಅಂದರೆ ಎಲ್ಲ ಸರಿ ಉಂಟು ಎಂದು ಅದರ ಭಾಷೆ. ಆದರೆ ತೆರೆದು ನೋಡಿದರೆ ಒಂದು ಕನ್ನಡ ಅಕ್ಷರವಿಲ್ಲ. ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಎ-ಗಳು, ಮೇಲೇರಿ ಕೂತ ಎರಡುಗಳು, ಯಾವ ದೇಶದ್ದೆಂದು ತಿಳಿಯದ ಚಿಹ್ನೆಗಳು. ಇಷ್ಟು ವರ್ಷ ಕಲಿಸಿದ ಭಾಷೆಯನ್ನು ಯಾರೋ ಮಿಕ್ಸಿಗೆ ಹಾಕಿ ಕೊಟ್ಟಂತಿತ್ತು. ಅದು ನನ್ನ ತಪ್ಪಲ್ಲ. ತಾನು ಯಾವ ಲಿಪಿಸಂಕೇತದಲ್ಲಿ ಬರೆಯುತ್ತಿದ್ದೇನೆಂದು ತಾಣ ಹೇಳಿರಲಿಲ್ಲ, ಹೇಳದಿದ್ದರೆ ನಾವು ಬಳಸುವ ಸಲಕರಣೆ ಅದನ್ನು ಯುರೋಪಿನ ಲಿಪಿ ಎಂದೇ ಓದುತ್ತದಂತೆ. ಯುವಕ ಬಂದು, ಇದು ಯುನಿಕೋಡಿನ ಯುಟಿಎಫ್-೮ ಎಂದು ತಿಳಿಸುವ ಒಂದು ಸಾಲು ಸೇರಿಸಲು ಹೇಳಿದ. ಸೇರಿಸಿದ ಕೂಡಲೇ ಕನ್ನಡವೆಲ್ಲ ಮರಳಿ ಬಂತು. ನನಗೆ ಕಣ್ಣು ತುಂಬಿ ಬಂದದ್ದನ್ನು ಪಕ್ಕದ ಹುಡುಗಿ ನೋಡಿ ನಕ್ಕಳು.

ಆಮೇಲೆ ಕೋಷ್ಟಕ ಬಿಡಿಸುವ ಕೆಲಸ. ಪುಟದೊಳಗೆ ಕೋಷ್ಟಕ ಎಂದು ಗುರುತು ಹಾಕಿದ್ದನ್ನೆಲ್ಲ ಹುಡುಕಿ ತರಿಸಿದರೆ ಮೊದಲನೆಯದು ಕೋಷ್ಟಕವೇ ಅಲ್ಲ, ಪುಟದ ಮೇಲಿನ ಮೆನುವನ್ನು ಸಾಲಾಗಿ ಕೂರಿಸಲು ಮಾಡಿದ ಚೌಕಟ್ಟು. ಅದನ್ನು ಬಿಟ್ಟು ಉಳಿದ ಪ್ರತಿಯೊಂದರಲ್ಲೂ ಸಾಲುಗಳನ್ನು, ಸಾಲಿನೊಳಗಿನ ಮನೆಗಳನ್ನು ತೆಗೆಯಬೇಕು. ಮೊದಲ ಮನೆ ಊರು, ಎರಡನೆಯದು ಸಮಯ, ಮೂರನೆಯದು ಹೋಗುವ ದಾರಿ. ಓಡಿಸಿದೆ. ಮೊದಲ ಸಾಲು ಸರಿ ಬಂತು. ಎರಡನೆಯದರಲ್ಲಿ ಊರಿನ ಹೆಸರು ‘೭.೩೦’, ಸಮಯ ‘ಕಡಿಯಾಳಿ ಮಾರ್ಗ’ ಎಂದು ಬಂತು. ಏಳೂವರೆ ಎಂಬ ಊರಿಗೆ ಕಡಿಯಾಳಿ ಗಂಟೆಗೆ ಬಸ್ಸು.

ಕಾರಣ ಹುಡುಕಲು ಒಂದು ಇಡೀ ಭಾನುವಾರ ಹೋಯಿತು. ಪುಟ ಮಾಡಿದವರು ಒಂದೇ ಊರಿನ ಹೆಸರನ್ನು ಮತ್ತೆ ಮತ್ತೆ ಬರೆಯದೆ, ಆ ಮನೆಯನ್ನು ಕೆಳಗಿನ ನಾಲ್ಕಾರು ಸಾಲಿನವರೆಗೂ ಚಾಚಿದ್ದರು. ಕಣ್ಣಿಗೆ ಅದು ಅಚ್ಚುಕಟ್ಟು. ಆದರೆ ಒಳಗಿನ ಬರಹದಲ್ಲಿ ಹೆಸರು ಮೊದಲ ಸಾಲಿನಲ್ಲಿ ಮಾತ್ರ ಇರುತ್ತದೆ. ಕೆಳಗಿನ ಸಾಲುಗಳಲ್ಲಿ ಒಂದು ಮನೆ ಕಡಿಮೆ, ಉಳಿದವು ಒಂದೊಂದು ಜಾಗ ಮುಂದೆ ಸರಿದು ಕೂರುತ್ತವೆ. ಹೆಸರು ಎಷ್ಟು ಸಾಲಿನವರೆಗೆ ಚಾಚಿದೆ ಎಂದು ಓದಿ, ನೆನಪಿಟ್ಟು, ಅಷ್ಟು ಸಾಲಿಗೂ ಅದನ್ನು ತುಂಬುತ್ತ ಹೋಗಬೇಕು. ಇದನ್ನು ನಾನೇ ಬರೆದೆ. ಯಾರೂ ಹೇಳಿಕೊಡಲಿಲ್ಲ. ಸಮಯದ ಮನೆಯನ್ನು ಚುಕ್ಕಿಯ ಕಡೆ ಎರಡು ತುಂಡು ಮಾಡಿ ಗಂಟೆ, ನಿಮಿಷ ಎಂದು ಸಂಖ್ಯೆಯಾಗಿಸುವುದು ನಾನು ಹೆದರಿದಷ್ಟು ಕಷ್ಟವಿರಲಿಲ್ಲ. ಪ್ರೋಗ್ರಾಂ ಬರೆಯುವ ಆ ಭಾಷೆ ಕನ್ನಡದ ಅಂಕಿಗಳನ್ನು ತಾನೇ ಓದಿಕೊಂಡಿತು. ‘೩೦’ ಎಂದು ಕೊಟ್ಟರೆ ಮೂವತ್ತು ಎಂದು ತಿಳಿಯಿತು. ಅದರ ಮೇಲೆ ನನಗೆ ಮೊದಲ ಸಲ ಪ್ರೀತಿ ಹುಟ್ಟಿತು.

ನಾನು ಇಷ್ಟಕ್ಕೆ ಬರುವಷ್ಟರಲ್ಲಿ ತರಗತಿಯ ಎಲ್ಲರೂ ಉತ್ತರ ಹಾಕಿ ಮುಗಿಸಿದ್ದರು. ಪರ್ಕಳದ ಹುಡುಗಿಗೂ ಹಸಿರು ಬಂದಿತ್ತು. ಉಳಿದಿದ್ದದ್ದು ನಾನೊಬ್ಬಳೇ, ಗಡುವು ಮುಂದಿನ ಭಾನುವಾರ.

ಮಾರನೆಯ ದಿನ ಕಾಲೇಜು ಮುಗಿಸಿ ಕಾಪುವಿನ ಮನೆಯಲ್ಲಿ ಕೂತು, ಪಟ್ಟಿಯಲ್ಲಿ ಯಾವ್ಯಾವ ಊರುಗಳಿವೆ ಎಂದು ಅಕಾರಾದಿ ಅನುಕ್ರಮದಲ್ಲಿ ಇಳಿಸಿ ನೋಡಿದೆ. ಅಂಬಲಪಾಡಿ, ಅಜೆಕಾರು, ಅಲೆವೂರು, ಮತ್ತೆ ಅ೦ಬಲಪಾಡಿ. ಎರಡು ಸಲ ಏಕೆ? ಎಲ್ಲಾದರೂ ಖಾಲಿ ಜಾಗ ಅಂಟಿಕೊಂಡಿದೆಯೋ ಎಂದು ಒರೆಸಿ ಹಾಕಿದೆ. ಆದರೂ ಎರಡು. ಅಕ್ಷರ ಎಣಿಸಿದೆ, ಎರಡಕ್ಕೂ ಒಂದೇ ಲೆಕ್ಕ. ಎರಡೂ ಒಂದೇ ಎಂದು ಕಣ್ಣು ಹೇಳುತ್ತದೆ, ಅಲ್ಲ ಎಂದು ಯಂತ್ರ ಹೇಳುತ್ತದೆ.

ನನ್ನನ್ನು ಎಚ್ಚರಿಸಿದ್ದು ಆ ಎರಡನೆಯ ಅಂಬಲಪಾಡಿ ಕೂತ ಜಾಗ. ನಿಘಂಟು ತಿರುವಿ ಬೆಳೆದವಳು ನಾನು. ಅಂ ಇರುವ ಮಾತು ಅಜ, ಅಲಗಳಿಗಿಂತ ಮೊದಲು ಬರಬೇಕು. ಅಲೆವೂರು ಕಳೆದ ಮೇಲೆ, ಅಕಾರದ ಕಟ್ಟಕಡೆಯಲ್ಲಿ ಬಂದು ನಿಂತಿದೆ ಎಂದರೆ ಅದರ ಎರಡನೆಯ ಅಕ್ಷರ ಅನುಸ್ವಾರವಲ್ಲ. ಹಾಗಾದರೆ ಎಂತ? ಯಂತ್ರ ಅಕ್ಷರಗಳನ್ನು ಗುರುತಿಸುವ ಸಂಕೇತಸಂಖ್ಯೆಯನ್ನು ಒಂದೊಂದೇ ಅಕ್ಷರಕ್ಕೆ ಕೇಳಿದೆ. ಮೊದಲ ಅಂಬಲಪಾಡಿಯ ಎರಡನೆಯ ಅಕ್ಷರದ್ದು ಮೂರು ಸಾವಿರದ ಇನ್ನೂರ ಎರಡು. ಎರಡನೆಯದರದು ಮೂರು ಸಾವಿರದ ಮುನ್ನೂರ ಎರಡು. ಮೊದಲನೆಯದು ಅನುಸ್ವಾರ. ಎರಡನೆಯದು ಅಂಕಿ, ಕನ್ನಡದ ಸೊನ್ನೆ.

ನಕ್ಕುಬಿಟ್ಟೆ. ಒಂದನೆಯ ತರಗತಿಯಿಂದ ನಾವು ಎರಡನ್ನೂ ಸೊನ್ನೆ ಎಂದೇ ಕರೆಯುತ್ತೇವೆ. ಅ ಬರೆದು ಪಕ್ಕಕ್ಕೆ ಸೊನ್ನೆ ಇಟ್ಟರೆ ಅಂ. ಮಕ್ಕಳ ಉತ್ತರಪತ್ರಿಕೆಯಲ್ಲಿ ‘ಇಲ್ಲಿ ಸೊನ್ನೆ ಬಿಟ್ಟಿದೆ’ ಎಂದು ನಾನೇ ಸಾವಿರ ಸಲ ಬರೆದಿರಬೇಕು. ಈ ಪುಟ ಬೆರಳಚ್ಚು ಮಾಡಿದವರು ಕೆಲವು ಸಾಲಿನಲ್ಲಿ ಒಂದು ಸೊನ್ನೆ, ಕೆಲವುಗಳಲ್ಲಿ ಇನ್ನೊಂದು ಸೊನ್ನೆ ಒತ್ತಿದ್ದರು. ಮಂಗಳೂರೂ ಹಾಗೆಯೇ ಎರಡಾಗಿತ್ತು, ಸಂತೆಕಟ್ಟೆಯೂ. ಊರಿನ ಹೆಸರಿನಲ್ಲಿ ಅಂಕಿಯ ಸೊನ್ನೆ ಕಂಡರೆ ಅನುಸ್ವಾರ ಮಾಡು ಎಂದು ಒಂದು ಸಾಲು ಬರೆದೆ. ಮೂರು ಊರುಗಳೂ ಒಂದೊಂದಾದವು. ಶುದ್ಧವಾದ ಪಟ್ಟಿಯನ್ನು ಉಳಿಸಿಟ್ಟೆ. ಈ ತರಗತಿಯಲ್ಲಿ ನನಗೆ ಮಾತ್ರ ಕಂಡದ್ದು ಒಂದಾದರೂ ಉಂಟಲ್ಲ ಎಂದು ಹೆಮ್ಮೆಯಾಯಿತು. ಬಹಳ ಹೆಮ್ಮೆಯಾಯಿತು.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ತುರಿಕೆ ಬಿಡಬೇಕಲ್ಲ. ಪುಟದ ಕೆಳಗೆ, ತಪ್ಪಿದ್ದರೆ ತಿಳಿಸಿ ಎಂದು ಫೋನ್ ನಂಬರು ಕೊಟ್ಟಿದ್ದರು. ತಿಳಿಸಿದೆ. ಎತ್ತಿದವರು ಅಂಬಲಪಾಡಿಯವರೇ, ಸರ್ಕಾರಿ ಕಚೇರಿಯೊಂದರಿಂದ ನಿವೃತ್ತರಾದ ಹಿರಿಯರು. ಪುಟ ಪೂರ್ತಿ ಅವರೊಬ್ಬರ ಕೆಲಸ. ಯಾರೋ ಒಬ್ಬರು ಇಷ್ಟು ಗಮನ ಕೊಟ್ಟು ಓದಿದರಲ್ಲ ಎಂದು ಅವರಿಗೆ ಬಹಳ ಸಂತೋಷವಾಯಿತು. ತಾವು ಬೆರಳಚ್ಚು ಕಲಿತ ಕಾಲದಲ್ಲಿ ಎರಡಕ್ಕೂ ಒಂದೇ ಸೊನ್ನೆ ಒತ್ತಿ ಅಭ್ಯಾಸ ಎಂದರು. ಊರಿನ ಹೆಸರಿನಲ್ಲಿ ಸೊನ್ನೆಯ ಬದಲು ಅನುಸ್ವಾರ ಬರಬೇಕು ಸಾರ್ ಎಂದು ವಿವರಿಸಿದೆ. ತಮ್ಮ ಊರಿನ ಹೆಸರನ್ನೇ ತಪ್ಪಾಗಿ ಬರೆದೆನಲ್ಲ ಎಂದು ನೊಂದುಕೊಂಡು, ಇವತ್ತೇ ಎಲ್ಲ ಸರಿ ಮಾಡಿಬಿಡುತ್ತೇನೆ ಎಂದರು.

ಮರುದಿನ ಸಂಜೆ ನನ್ನ ಶುದ್ಧ ಪಟ್ಟಿಯನ್ನು ಪೋರ್ಟಲಿಗೆ ಹಾಕಿದೆ. ಕೆಂಪು.

ಮತ್ತೆ ಮೊದಲಿನಿಂದ ನೋಡಿದೆ. ಚಾಚಿದ ಮನೆಗಳು ಸರಿ ಇದ್ದವು, ಸಮಯ ಸರಿ ಇತ್ತು, ಪ್ರಶ್ನೆಗಳನ್ನೂ ಸರಿಯಾಗಿಯೇ ಓದಿದ್ದೆ. ಎಷ್ಟು ಊರುಗಳಿವೆ, ಪ್ರತಿ ಊರಿಗೆ ದಿನಕ್ಕೆ ಎಷ್ಟು ಬಸ್ಸು. ಪರ್ಕಳದ ಹುಡುಗಿಗೆ ಫೋನ್ ಮಾಡಿ, ಉತ್ತರ ಬೇಡ, ನೀನು ಹೇಗೆ ಮಾಡಿದೆ ಎಂದು ಮಾತ್ರ ಹೇಳು ಎಂದೆ. ಬಂದದ್ದನ್ನು ಬಂದ ಹಾಗೆ ಎಣಿಸಿದೆ ಅಕ್ಕ, ಏನೂ ಮುಟ್ಟಲಿಲ್ಲ ಎಂದಳು. ಅಂಬಲಪಾಡಿ ಎರಡು ಸಲ ಬಂದಿತ್ತಾ ಎಂದು ಕೇಳಿದೆ. ಬಂದಿತ್ತು, ಬೇರೆ ಯಾವುದೋ ಅಂಬಲಪಾಡಿ ಇರಬೇಕು ಅಂದುಕೊಂಡೆ ಎಂದಳು. ಅಂಬಲಪಾಡಿಯ ಮಗ್ಗುಲಲ್ಲೇ ಇರುವ ಉಡುಪಿಯಲ್ಲಿ ಕೆಲಸ ಮಾಡುವವಳು! ನನಗೆ ಅವಳ ಮೇಲೆ ಬಂದ ಸಿಟ್ಟು ಅರ್ಧ ನಿಮಿಷದಲ್ಲಿ ಇಳಿಯಿತು, ಏಕೆಂದರೆ ಅಷ್ಟರಲ್ಲಿ ವಿಷಯ ತಲೆಗೆ ಹತ್ತಿತ್ತು. ದೂರದ ನಗರದಲ್ಲಿ ಕನ್ನಡ ಬಾರದ ಯಾರೋ ಇದೇ ಪುಟದ ಮೇಲೆ ತಮ್ಮ ಪ್ರೋಗ್ರಾಂ ಓಡಿಸಿ, ಬಂದದ್ದನ್ನೇ ಸರಿಯುತ್ತರ ಎಂದು ಇಟ್ಟಿದ್ದಾರೆ. ಅವರ ಲೆಕ್ಕದಲ್ಲಿ ಅಂಬಲಪಾಡಿ ಎರಡು, ಮಂಗಳೂರು ಎರಡು.

ಸರಿ, ಹಾಗೇ ಆಗಲಿ, ಮಾನ ಹೋದರೂ ಕೆಲಸ ಉಳಿಯಲಿ ಎಂದು, ಸೊನ್ನೆ ತಿದ್ದುವ ಆ ಒಂದು ಸಾಲನ್ನು ಅಳಿಸಿ ಮತ್ತೆ ಓಡಿಸಿದೆ. ಪ್ರೋಗ್ರಾಂ ಪುಟವನ್ನು ಹೊಸದಾಗಿ ತರಿಸಿಕೊಂಡು, ಮೊದಲ ಕೋಷ್ಟಕದ ಮೊದಲ ಸಾಲಿನಲ್ಲೇ ಮುಗ್ಗರಿಸಿ ಬಿತ್ತು. ‘೩ಂ’ ಎಂಬುದು ಸಂಖ್ಯೆಯಲ್ಲ ಎಂದಿತು.

ಪುಟ ತೆರೆದೆ. ೭.೩ಂ, ೮.೧ಂ, ೯.೫ಂ. ಕಣ್ಣಿಗೆ ಏನೂ ವ್ಯತ್ಯಾಸವಿಲ್ಲ. ಹಿರಿಯರು ನಾನು ಹೇಳಿದಂತೆಯೇ ಮಾಡಿದ್ದರು. ಇಡೀ ಪುಟದಲ್ಲಿ ಸೊನ್ನೆ ಎಲ್ಲೆಲ್ಲಿ ಉಂಟೋ ಅಲ್ಲೆಲ್ಲ ಒಂದೇ ಏಟಿಗೆ ಅನುಸ್ವಾರ ಹಾಕಿಬಿಟ್ಟಿದ್ದರು. ಊರಿನ ಹೆಸರಿನಲ್ಲೂ, ಬಸ್ಸಿನ ಹೊತ್ತಿನಲ್ಲೂ. ಬಸ್ಸು ಹಿಡಿಯುವವರಿಗೆ ಅದರಿಂದ ಎಳ್ಳಷ್ಟೂ ತೊಂದರೆ ಇಲ್ಲ. ತೊಂದರೆ ಇದ್ದದ್ದು ಇಡೀ ಜಿಲ್ಲೆಯಲ್ಲಿ ನನಗೊಬ್ಬಳಿಗೆ.

ಸಮಯವನ್ನು ನಾನು ಸರಿ ಮಾಡಬಲ್ಲೆ. ಸಮಯದ ಮನೆಯಲ್ಲಿ ಅನುಸ್ವಾರಕ್ಕೆ ಕೆಲಸವಿಲ್ಲ, ಕಂಡ ಕಂಡಲ್ಲಿ ಅಂಕಿ ಮಾಡಿದರೆ ಮುಗಿಯಿತು. ಆದರೆ ಊರುಗಳು? ಅಂಬಲಪಾಡಿಯ ಯಾವ ಸಾಲುಗಳಲ್ಲಿ ಮೊದಲು ಅಂಕಿ ಇತ್ತು, ಯಾವುದರಲ್ಲಿ ಇರಲಿಲ್ಲ? ಪುಟದಲ್ಲಿ ಈಗ ಎಲ್ಲವೂ ಸರಿ. ನನ್ನಲ್ಲಿ ಉಳಿದದ್ದು ಶುದ್ಧ ಮಾಡಿದ ಪಟ್ಟಿ ಮಾತ್ರ, ಅದರಲ್ಲೂ ಎಲ್ಲವೂ ಸರಿ. ಮೊದಲೇ ಇಳಿಸಿಟ್ಟಿದ್ದ ಊರುಗಳ ಅನುಕ್ರಮದಿಂದ ಯಾವ ಮೂರು ಹೆಸರು ಎರಡಾಗಿದ್ದವೆಂದು ಗೊತ್ತಾಗುತ್ತದೆಯೇ ಹೊರತು ಯಾವುದಕ್ಕೆ ಎಷ್ಟು ಬಸ್ಸು ಎಂದು ಗೊತ್ತಾಗುವುದಿಲ್ಲ. ತಪ್ಪು ಎಷ್ಟಿತ್ತು, ಎಲ್ಲಿತ್ತು ಎಂಬುದನ್ನು ನಾನೇ ಎರಡು ಕಡೆಯಿಂದಲೂ ಒರೆಸಿ ಹಾಕಿಸಿದ್ದೆ.

ಮತ್ತೆ ಫೋನ್ ಮಾಡಿದೆ. ಹೇಗೆ ಶುರು ಮಾಡುವುದೆಂದು ತಿಳಿಯಲಿಲ್ಲ. ಹಳೆಯ ಪುಟ ಎಲ್ಲಾದರೂ ಉಳಿದಿದೆಯೇ ಎಂದು ಕೇಳಿದೆ. ಇಲ್ಲ, ಅದರ ಮೇಲೇ ತಿದ್ದಿದ್ದು ಎಂದರು. ಬಸ್ಸಿನ ಸಮಯದಲ್ಲಿ ಸೊನ್ನೆಯೇ ಇರಬೇಕಿತ್ತು ಸಾರ್, ಈಗ ಅಲ್ಲಿ ಅನುಸ್ವಾರ ಕೂತಿದೆ ಎಂದೆ. ಕನ್ನಡಕ ಹಾಕಿಕೊಂಡು ನೋಡಿದರೆಂದು ಕಾಣುತ್ತದೆ.

"ಮೇಡಂ, ಇಲ್ಲಿ ಸೊನ್ನೆಯೇ ಉಂಟಲ್ಲ," ಎಂದರು. "ಏಳು ಮೂವತ್ತು. ಸರಿಯಾಗಿ ಕಾಣ್ತದೆ."

"ಕಾಣುವುದು ಸೊನ್ನೆ ಸಾರ್. ಆದರೆ ಅದು ಸೊನ್ನೆಯಲ್ಲ."

"ಮೊನ್ನೆ ನೀವೇ ಹೇಳಿದ್ದಲ್ವಾ, ಸೊನ್ನೆ ತಪ್ಪು ಅಂತ? ಸೊನ್ನೆ ಅಂದರೆ ಸೊನ್ನೆಯೇ ಅಲ್ವಾ ಮೇಡಂ, ಅದರಲ್ಲಿ ಎಂತ ಬೇರೆ ಬೇರೆ?"

ಇಪ್ಪತ್ತು ವರ್ಷ ಕನ್ನಡ ಹೇಳಿಕೊಟ್ಟವಳು ಎರಡು ಸೊನ್ನೆಗಳನ್ನು ಬೇರೆ ಮಾಡಿ ಹೇಳುವ ಒಂದು ಮಾತಿಗಾಗಿ ತಡಕಾಡಿದೆ. ಅವರಿಗೆ ಬೇಸರವಾಗಿತ್ತು, ತೋರಿಸಿಕೊಳ್ಳಲಿಲ್ಲ. ನಿಮ್ಮ ಕೆಲಸಕ್ಕೆ ಎಂತಾದರೂ ತೊಂದರೆ ಆಯಿತಾ ಎಂದು ಕೇಳಿದರು. ಇಲ್ಲ ಸಾರ್, ನಿಮ್ಮ ಪುಟ ಚೆಂದ ಉಂಟು ಎಂದು ಹೇಳಿ ಫೋನ್ ಇಟ್ಟೆ. ಆ ಹೊತ್ತಿಗೆ ನನಗೆ ಅಳು ಬಂದಿತ್ತು.

ಗಡುವಿನ ಭಾನುವಾರ ಮಣಿಪಾಲಕ್ಕೆ ಬೇಗನೆ ಹೋಗಿ ಆ ಯುವಕನಿಗೆ ಎಲ್ಲವನ್ನೂ ತೋರಿಸಿದೆ. ಅವನು ಊರುಗಳ ಅನುಕ್ರಮದಲ್ಲಿ ಉಳಿದಿದ್ದ ಎರಡು ಅಂಬಲಪಾಡಿಗಳನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದ. ಇನ್ನೂ ದೊಡ್ಡದು ಮಾಡಿದ. ಸಂಕೇತಸಂಖ್ಯೆಗಳನ್ನು ತಾನೇ ತೆಗೆದು ನೋಡಿ, ನೂರು ವ್ಯತ್ಯಾಸ ಬಂದದ್ದನ್ನು ಕಂಡು ತಲೆಯಾಡಿಸಿದ. ನೀವು ಹೇಳುವುದು ಸರಿ, ಸರಿಯುತ್ತರವೇ ತಪ್ಪು ಎಂದು ಬಾಯಿಬಿಟ್ಟು ಒಪ್ಪಿಕೊಂಡ. ನನಗೆ ಒಂದು ಗಳಿಗೆ ಬದುಕಿದೆ ಅನ್ನಿಸಿತು. ಅವನು ಕೂಡಲೇ ಮುಖ್ಯ ಕಚೇರಿಗೆ ಬರೆದ, ಫೋನನ್ನೂ ಮಾಡಿದ. ಹಳೆಯ ಜಾಲಪುಟಗಳನ್ನು ಕೂಡಿಡುವ ತಾಣದಲ್ಲಿ ಹುಡುಕಿದ. ನಮ್ಮ ಬಸ್ಸುಗಳ ಪುಟವನ್ನು ಯಾರೂ ಕೂಡಿಟ್ಟಿರಲಿಲ್ಲ. ಉತ್ತರ ಬಂದದ್ದು ಮಧ್ಯಾಹ್ನ: ಫಲಿತಾಂಶ ಈಗಾಗಲೇ ಎಲ್ಲ ಕೇಂದ್ರಗಳಿಗೂ ಲೆಕ್ಕವಾಗಿದೆ, ಸರಿಯುತ್ತರ ಬದಲಿಸಲಾಗದು. ತಾವು ತರಿಸಿಕೊಂಡ ಹಳೆಯ ಪುಟವನ್ನೂ ಹಂಚಲಾಗದು. ಪುಟಗಳು ಬದಲಾಗುವುದು ಸಹಜ, ಆದ್ದರಿಂದಲೇ ಮೊದಲು ಪುಟದ ಒಂದು ಪ್ರತಿಯನ್ನು ಇಳಿಸಿಟ್ಟುಕೊಂಡು ಆಮೇಲೆ ಕೆಲಸ ಶುರು ಮಾಡಿ ಎಂದು ಸೂಚನೆಯ ಎರಡನೆಯ ಸಾಲಿನಲ್ಲೇ ಬರೆದಿದೆ.

ಬರೆದಿತ್ತು. ಅದನ್ನು ಯಾರೂ ಮಾಡಿರಲಿಲ್ಲ, ಪುಟ ಎಲ್ಲಿಗೆ ಹೋಗುತ್ತದೆ ಎಂದು. ಯುವಕ ಕ್ಷಮೆ ಕೇಳಿದ. ಅವನು ಕ್ಷಮೆ ಕೇಳುವುದು ನನಗೆ ಬೇಕಿರಲಿಲ್ಲ.

ಊಟದ ಹೊತ್ತಿಗೆ ಪರ್ಕಳದ ಹುಡುಗಿ ನನ್ನನ್ನು ಮೆಟ್ಟಿಲ ಬಳಿ ಕರೆದಳು. ತನ್ನ ಪಟ್ಟಿ ಇನ್ನೂ ಉಂಟು, ಅದರಲ್ಲಿ ಆ ಹಳೆಯ ತಪ್ಪುಗಳೆಲ್ಲ ಹಾಗೇ ಉಂಟು, ಪೆನ್‌ಡ್ರೈವಿನಲ್ಲಿ ತಂದಿದ್ದೇನೆ ಎಂದಳು. ಇಬ್ಬರ ಉತ್ತರದ ಕಡತಗಳನ್ನು ಪೋರ್ಟಲ್ ಒಂದಕ್ಕೊಂದು ಹೋಲಿಸುತ್ತದೆ, ಹಂಚಿಕೊಂಡದ್ದು ಕಂಡರೆ ಕೊಟ್ಟವರೂ ತೆಗೆದುಕೊಂಡವರೂ ಇಬ್ಬರೂ ಹೊರಗೆ ಎಂದು ಮೊದಲ ದಿನವೇ ಹೇಳಿದ್ದರು. ಅವಳಿಗೆ ಅದು ಗೊತ್ತಿತ್ತು. ಕ್ಲಿನಿಕ್ಕಿನ ಕೌಂಟರು ಬಿಟ್ಟು ಹೊರಗೆ ಹೋಗಲು ಅವಳಿಗಿದ್ದ ದಾರಿಯೂ ಇದೇ ಸರ್ಟಿಫಿಕೇಟು.

"ಅಕ್ಕ, ತಕ್ಕೊಳ್ಳಿ. ಯಾರಿಗೆ ಗೊತ್ತಾಗ್ತದೆ?" ಎಂದಳು.

ಬೇಡ ಎಂದೆ. ದೊಡ್ಡತನ ಎಂತದ್ದೂ ಇಲ್ಲ. ಅವಳು ತರಗತಿಯ ಬಾಗಿಲ ಕಡೆ ತಿರುಗಿ ತಿರುಗಿ ನೋಡುತ್ತಿದ್ದಳು, ಅದನ್ನು ನೋಡಿ ನನಗೆ ಹೆದರಿಕೆಯಾಯಿತು.

ಉಳಿದ ಎರಡು ಅವಕಾಶದಲ್ಲಿ ಒಂದನ್ನು ಊಹೆಗೆ ಕೊಟ್ಟೆ. ಅಂಬಲಪಾಡಿಯ ಕೆಲವು ಸಾಲಿಗೆ, ಮಂಗಳೂರಿನ ಕೆಲವಕ್ಕೆ, ಸಂತೆಕಟ್ಟೆಯ ಕೆಲವಕ್ಕೆ ಕುರುಡು ಕುರುಡಾಗಿ ಅಂಕಿಯ ಸೊನ್ನೆ ತುಂಬಿದೆ. ಬೇರೆಯವರ ಕಾಗುಣಿತ ತಿದ್ದುತ್ತ ಕೂದಲು ನೆರೆತವಳು, ಬೇಕೆಂದೇ ಊರುಗಳ ಹೆಸರು ಕೆಡಿಸುತ್ತ ಕೂತಿದ್ದೆ. ಅದೂ ಸರಿಯಾಗಿ ಕೆಡಿಸಲು ಬರಲಿಲ್ಲ. ಕೆಂಪು ಬಂತು. ಕೊನೆಯದರಲ್ಲಿ ನನ್ನ ಶುದ್ಧ ಪಟ್ಟಿಯನ್ನೇ ಮತ್ತೆ ಹಾಕಿದೆ. ಅದಕ್ಕೂ ಕೆಂಪು ಬರುತ್ತದೆಂದು ಗೊತ್ತಿದ್ದೇ ಹಾಕಿದೆ. ಹಾಕಿ, ಕಂಪ್ಯೂಟರ್ ಮುಚ್ಚಿ, ಕಾಪುವಿನ ಬಸ್ಸು ಹಿಡಿದೆ. ಉಮ್ಮ ಬಾಗಿಲಲ್ಲೇ ಮುಖ ನೋಡಿ, ಮೀನು ಸಾರು ಬಿಸಿ ಮಾಡಲು ಒಳಗೆ ಹೋದಳು.

ಪ್ರಾಂಶುಪಾಲರಿಗೆ ಹೇಳಲು ಒಂದು ವಾರ ತಡ ಮಾಡಿದೆ. ಹೇಳಿದಾಗಲೂ ಸೊನ್ನೆಯ ಕತೆಯನ್ನೆಲ್ಲ ಹೇಳಲಿಲ್ಲ, ಪಾಸಾಗಲಿಲ್ಲ ಸಾರ್ ಎಂದಷ್ಟೇ ಹೇಳಿದೆ. ವಿವರಿಸಿದರೆ ನೆಪದಂತೆ ಕೇಳುತ್ತಿತ್ತು. ಅವರು ಮತ್ತೆ ಚಹಾ ತರಿಸಿದರು. ಡೇಟಾ ಪತ್ರಿಕೆಗೆ ಹೊರಗಿನವರೊಬ್ಬರನ್ನು ತೆಗೆದುಕೊಂಡಾಗಿದೆ, ಕನ್ನಡ ಬರುವ ವರ್ಷದಿಂದ ವಾರಕ್ಕೆ ಎರಡು ಗಂಟೆ, ಅತಿಥಿಯಾಗಿ ಬನ್ನಿ ಮೇಡಂ, ಇಲ್ಲ ಅನ್ನಬೇಡಿ ಎಂದರು. ಇಲ್ಲ ಅನ್ನುವ ಸ್ಥಿತಿಯಲ್ಲಿ ನಾನಿರಲಿಲ್ಲ. ಆಗಲಿ ಎಂದೆ.

ಏಳುವಾಗ ಅವರು ಒಂದು ಹಾಳೆ ಮುಂದಿಟ್ಟರು. ಹೊಸ ವರ್ಷದ ಪ್ರವೇಶದ ಪ್ರಕಟಣೆ. ಮುದ್ರಣಕ್ಕೂ ಜಾಲತಾಣಕ್ಕೂ ಇದೇ ಹೋಗಬೇಕು, ನಿಮ್ಮ ಕಣ್ಣು ಒಮ್ಮೆ ಹಾದು ಹೋದರೆ ಸಮಾಧಾನ, ಕನ್ನಡ ನೀವೇ ನೋಡಬೇಕಲ್ವಾ ಎಂದರು. ಅಲ್ಲೇ ಕುರ್ಚಿಯ ತುದಿಯಲ್ಲಿ ಕೂತು ಓದಿದೆ. ಎರಡು ಕಡೆ ಒತ್ತು ತಪ್ಪಿತ್ತು, ತಿದ್ದಿದೆ. ಕೆಳಗೆ ದಪ್ಪ ಅಕ್ಷರದಲ್ಲಿ, ಈ ಸಾಲಿನಿಂದ ದತ್ತಾಂಶ ವಿಜ್ಞಾನ ಎಂದಿತ್ತು. ಆ ಮಾತಿನ ನಡುವಿನ ಸೊನ್ನೆಯ ಮೇಲೆ ಪೆನ್ನು ಹಿಡಿದು ನಿಲ್ಲಿಸಿದೆ. ಕಾಗದದ ಮೇಲೆ ಅದು ಯಾವ ಸೊನ್ನೆ ಎಂದು ತಿಳಿಯುವ ದಾರಿಯೇ ಇಲ್ಲ.

"ಎಲ್ಲ ಸರಿ ಉಂಟಾ ಮೇಡಂ?" ಎಂದು ಪ್ರಾಂಶುಪಾಲರು ಕೇಳಿದರು.

ಸರಿ ಉಂಟು ಸಾರ್ ಎಂದು ಹೇಳಿ, ಹಾಳೆಯ ಕೆಳಗೆ ನನ್ನ ಸಹಿ ಹಾಕಿ ಕೊಟ್ಟೆ.